ಖಾಲಿ ಚೌಕದ ಮೇಲಿನ ಎಂಟು ಮಗ್ಗ

ಇಳಕಲ್ಲಿನ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಎರಡರಲ್ಲಿ. ಅದರ ಮುಂದೆ ಕೂರಲು ಬಂದವಳು ಹುನಗುಂದದಲ್ಲಿ ಆರು ತಿಂಗಳ ಕೋರ್ಸು ಮುಗಿಸಿದ ಚೇತನಾ. ಆಡಳಿತ ಮಂಡಳಿಯ ಹಿರಿಯರಿಗೆ ಆ ಪೆಟ್ಟಿಗೆಯ ಮೇಲೆ ಎಷ್ಟು ಭಕ್ತಿಯೆಂದರೆ, ಚಪ್ಪಲಿ ಹೊರಗೆ ಬಿಟ್ಟೇ ಅದರ ಕೋಣೆಗೆ ಕಾಲಿಡುತ್ತಿದ್ದರು. ಅದು ಹೇಳಿದ ಲೆಕ್ಕವನ್ನು ಮರುಮಾತಿಲ್ಲದೆ ನಂಬುತ್ತಿದ್ದರು. ಚೇತನಾಳೂ ನಂಬುತ್ತಿದ್ದಳು.

ಸಂಘದ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಕಳಕಪ್ಪ. ತಿಂಗಳ ಮೊದಲಿಗೆ ನಲವತ್ತು ಮಗ್ಗಗಳಿಗೂ ರೇಷ್ಮೆ ತೂಗಿ ಕೊಡುವುದು, ನೇಯ್ದ ಸೀರೆ ಬಂದ ಹಾಗೆ ಬಾಗಲಕೋಟೆಯ ಅಂಗಡಿಗೆ ಕಳಿಸುವುದು ಅವನ ಕೆಲಸ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಆದರೂ ಚೇತನಾಳಿಗೆ ಅವನೆಂದರೆ ಅಕ್ಕರೆ. ಅವಳಿಗೆ ಈ ಕೆಲಸ ಕೊಡಿಸಿದವನೇ ಅವನು.

ಆ ತಿಂಗಳು ಕಂಪ್ಯೂಟರಿನ ಮೊತ್ತದಲ್ಲಿ ಸೀರೆಗಳು ನೂರ ಐವತ್ತೆರಡು. ಉಗ್ರಾಣದಿಂದ ಹೊರಗೆ ಹೋದ ರೇಷ್ಮೆ ನೋಡಿದರೆ ಇನ್ನೂ ನಲವತ್ತೈದು ಸೀರೆಗಾಗುವಷ್ಟಿತ್ತು. ಕಾರ್ಯದರ್ಶಿ ಶಿವಪುತ್ರ ಸಭೆ ಕರೆದ. ಮಂಡಳಿಯ ಅಮಾತೆಪ್ಪ, ಈ ಕಳಕಪ್ಪ ಇಷ್ಟು ವರ್ಷ ಇನ್ನೆಷ್ಟು ಸಾಗಿಸಿದ್ದಾನೋ ಎಂದು ಎಲ್ಲರಿಗೂ ಕೇಳುವಂತೆ ಅಂದ. ಕಳಕಪ್ಪ ಎದ್ದು, ನಡುವಿನಲ್ಲಿ ಸಿಗಿಸಿಕೊಂಡಿದ್ದ ಉಗ್ರಾಣದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮೂಲೆಯಲ್ಲಿ ಕೂತಿದ್ದ ಚೇತನಾ ಕೈಯಲ್ಲಿದ್ದ ಲೆಕ್ಕದ ಹಾಳೆಯನ್ನು ಮತ್ತೆ ಓದಿದಳು.

ಮರುದಿನ ಆ ಲೆಕ್ಕದ ಇನ್ನೊಂದು ಪ್ರತಿ ಬೇಕೆಂದು ಶಿವಪುತ್ರ ಕೇಳಿದ. ಪೊಲೀಸರಿಗೆ ಕೊಡಲು ಎಂದು ಅವನು ಹೇಳದಿದ್ದರೂ ಅವಳಿಗೆ ಗೊತ್ತಾಯಿತು. ಮತ್ತೊಮ್ಮೆ ಕೂಡಿಸಿಯೇ ಕೊಡೋಣವೆಂದು ಹಳೆಯ ಮೊತ್ತವನ್ನು ಅಳಿಸಿ, ಸೀರೆಗಳ ಕಾಲಮ್ಮಿನಲ್ಲಿ ಕೊನೆಯ ಮಗ್ಗದ ಸಾಲಿನ ಕೆಳಗಿನ ಚೌಕಕ್ಕೆ ಹೋಗಿ, ಮೇಲಿನದೆಲ್ಲ ಕೂಡಿಸು ಎಂದು ಯಂತ್ರಕ್ಕೆ ಹೇಳಲು ಯಾವಾಗಿನಂತೆ ಆಲ್ಟ್ ಹಿಡಿದು ಸಮ ಚಿಹ್ನೆ ಒತ್ತಿದಳು. ಯಾವಾಗಲೂ ಅದರ ಬೆನ್ನಿಗೇ ಎಂಟರ್ ಬೀಳುತ್ತಿತ್ತು. ಇವತ್ತು ಬೆರಳು ಏಳಲಿಲ್ಲ. ಒತ್ತಿದರೆ ಕಳಕಪ್ಪನ ಕುತ್ತಿಗೆಗೆ ಬರುತ್ತದೆ. ಹಾಗೆ ತಡೆದಾಗಲೇ, ಯಾವ ಚೌಕಗಳನ್ನು ಕೂಡಿಸುತ್ತೇನೆಂದು ಯಂತ್ರ ಸುತ್ತಲೂ ಹಾಕಿ ತೋರಿಸುವ ಚುಕ್ಕೆಗೆರೆಯನ್ನು ಅವಳು ಮೊದಲ ಸಲ ಕಣ್ಣಿಟ್ಟು ನೋಡಿದ್ದು. ಗೆರೆ ಹತ್ತನೇ ಮಗ್ಗದವರೆಗೆ ಹತ್ತಿ ಅಲ್ಲೇ ನಿಂತಿತ್ತು. ಮೇಲಿನ ಎಂಟು ಮಗ್ಗ ಹೊರಗೆ.

ಒಂಬತ್ತನೆಯದು ರತ್ನವ್ವನ ಮನೆಯದು. ರೇಷ್ಮೆ ಒಯ್ದ ಮೂರನೇ ದಿನವೇ ಅವಳ ಗಂಡ ತೀರಿಕೊಂಡು ಮಗ್ಗ ನಿಂತಿತ್ತು. ಆ ಸಾಲು ತುಂಬುವಾಗ ಪಕ್ಕದಲ್ಲಿದ್ದ ಕಳಕಪ್ಪನೇ ಹೇಳಿದ್ದ: "ಸಾವಾದ ಮನಿ ಹೆಸರಿನ ಮುಂದ ಸೊನ್ನಿ ಬರೀಬಾರದವ್ವಾ. ಖಾಲಿ ಬಿಡು."

ಕಾಗದದಲ್ಲಾದರೆ ಖಾಲಿ ಬಿಟ್ಟರೇನು, ಕಣ್ಣು ದಾಟಿ ಮುಂದೆ ಹೋಗುತ್ತದೆ. ಈ ಯಂತ್ರ ಕೆಳಗಿನಿಂದ ಅಂಕಿ ಹಿಡಿದು ಮೇಲೆ ಹತ್ತುತ್ತದೆ. ಖಾಲಿ ಚೌಕ ಎದುರಾದರೆ ಲೆಕ್ಕ ಅಲ್ಲಿಗೆ ಮುಗಿಯಿತೆಂದು ಊಹಿಸುತ್ತದೆ. ಸೊನ್ನೆಯಿದ್ದರೆ ಅದೂ ಒಂದು ಅಂಕಿಯೇ, ದಾಟಿ ಹೋಗುತ್ತಿತ್ತು. ರೇಷ್ಮೆಯ ಕಾಲಮ್ಮಿನಲ್ಲಿ ಎಲ್ಲೂ ಖಾಲಿ ಇರಲಿಲ್ಲ, ಅದರ ಮೊತ್ತ ಸರಿಯಾಗಿಯೇ ಬಂದಿತ್ತು. ಚೇತನಾ ಮೌಸಿನಿಂದ ಮೊದಲ ಮಗ್ಗದಿಂದ ನಲವತ್ತನೆಯದರ ತನಕ ತಾನೇ ಎಳೆದು ಎಂಟರ್ ಒತ್ತಿದಳು. ನೂರ ತೊಂಬತ್ತೆರಡು. ಉಳಿದ ಐದು ಸೀರೆಯ ರೇಷ್ಮೆ ರತ್ನವ್ವನ ಮನೆಯಲ್ಲೇ ಇತ್ತು. ಅವಳಿಗೆ ಖುಷಿಗಿಂತ ಮೊದಲು ನಾಚಿಕೆಯಾಯಿತು.

ಶಿವಪುತ್ರ ಮೊದಲು ನಂಬಲಿಲ್ಲ. ಎಂಟು ಮಗ್ಗದ ಅಂಕಿಗಳನ್ನು ಬೆರಳಲ್ಲಿ ಕೂಡಿಸಿ ನೋಡಿದ ಮೇಲೆ ಒಪ್ಪಿಕೊಂಡ. ಅವತ್ತೇ ಸಂಜೆ ಇಬ್ಬರೂ ಕಳಕಪ್ಪನ ಮನೆಗೆ ಹೋದರು. ಅವನು ಕಟ್ಟೆಯ ಮೇಲೆ ಕೂತಿದ್ದ. ಶಿವಪುತ್ರ ನಡೆದದ್ದನ್ನೆಲ್ಲ ಹೇಳಿ, ಆದದ್ದು ಆಯಿತು ಎಂದು ಕೀಲಿಕೈ ಮುಂದೆ ಚಾಚಿದ. ಕಳಕಪ್ಪ ಕೈ ನೀಡಲಿಲ್ಲ.

"ನಾ ಇದನ್ನ ಇಡುವಾಗ ಹನ್ನೊಂದು ಮಂದಿ ಕುಂತಿದ್ರಿ. ಕೊಡಾಕ ನೀವಿಬ್ಬರ ಬಂದೀರಿ. ಅವರನ್ನೆಲ್ಲ ಕೂಡಿಸ್ರಿ. ಅವರ ಮುಂದ ಇಸ್ಕೋತೇನಿ."

ನೋಟೀಸು ಹಚ್ಚಿಸುತ್ತೇನೆ ಎಂದ ಶಿವಪುತ್ರ. ಕಳಕಪ್ಪ ಮುಖ ತಿರುಗಿಸಿದ. ಕೀಲಿಕೈ ಶಿವಪುತ್ರನ ಅಂಗೈಯಲ್ಲೇ ಉಳಿಯಿತು. ತಾನೇ ಮನೆಮನೆಗೆ ಹೋಗಿ ಕರೆಯುತ್ತೇನೆಂದು ಚೇತನಾ ಚಪ್ಪಲಿ ಮೆಟ್ಟಿದಳು.

ಮೊದಲು ಹೋದದ್ದು ಅಮಾತೆಪ್ಪನ ಮನೆಗೆ. ಅವನು ಊಟ ಮುಗಿಸಿ ಕೈ ತೊಳೆಯುತ್ತಿದ್ದ. ಹೊಸ್ತಿಲಲ್ಲೇ ನಿಂತು ಅವಳು ಹೇಳಿದಳು: "ಕಳಕಪ್ಪ ಕಾಕಾ ಕದ್ದಿಲ್ಲರಿ. ತಪ್ಪು ಕೂಡಿಸಿದಾಕಿ ನಾ."

ಅಮಾತೆಪ್ಪ ಚೊಂಬು ಕೆಳಗಿಟ್ಟು, ಕೀಲಿಕೈ ಅವನಿಗೆ ಕೊಟ್ಟಿರೇನು ಎಂದು ಕೇಳಿದ.

"ಮುಟ್ಟವಲ್ರು. ನೀವು ಬರೂತನ ಮುಟ್ಟೂದಿಲ್ಲಂತ."

ಅಮಾತೆಪ್ಪ ಗೂಟದ ಮೇಲಿನ ರುಮಾಲು ತೆಗೆದು ತಲೆಗೆ ಸುತ್ತಿಕೊಳ್ಳತೊಡಗಿದ.