ಏಕನಾಡಿ

೨೦೨೫ರ ನವೆಂಬರ್ ಒಂಬತ್ತು, ರವಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಅಕ್ಕಲಕೋಟೆಯ ಗುರುಸಿದ್ಧ ಶಾಸ್ತ್ರಿಗಳು ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಎದುರಿಗೆ ಕುಳಿತ ಇಬ್ಬರನ್ನೂ ನೋಡಿ, "ಹದಿನೇಳು" ಅಂದರು.

ಸ್ನೇಹಲಗೆ ಮೊದಲು ಅರ್ಥವಾಗಲಿಲ್ಲ. ಮೂವತ್ತಾರಕ್ಕೆ ಹದಿನೇಳು ಎಂದರೆ ಪರೀಕ್ಷೆಯಲ್ಲಿ ನಲವತ್ತೇಳು ಪ್ರತಿಶತ, ಪಾಸು. ಇಲ್ಲಿ ಹದಿನೆಂಟಕ್ಕೆ ಗೆರೆ ಎಳೆದಿದ್ದಾರೆ ಎಂದು ಶಾಸ್ತ್ರಿಗಳೇ ಬಿಡಿಸಿ ಹೇಳಿದರು. ಮೊಬೈಲಿನಲ್ಲಿ ಇಬ್ಬರ ನಕ್ಷತ್ರ ತೆಗೆದು, ಕಾಗದದ ಮೇಲೆ ಎಂಟು ಮನೆ ಹಾಕಿದ್ದರು. ವರ್ಣಕ್ಕೆ ಒಂದು ಗುಣ, ವಶ್ಯಕ್ಕೆ ಎರಡು. ಹೀಗೆ ಒಂದೊಂದೇ ಏರುತ್ತ ಕೊನೆಯ ನಾಡಿಗೆ ಎಂಟು. ಎಲ್ಲವೂ ಹುಟ್ಟಿದ ಗಳಿಗೆಯಲ್ಲಿ ಚಂದ್ರ ಯಾವ ನಕ್ಷತ್ರದಲ್ಲಿದ್ದ ಎಂಬ ಒಂದೇ ಮಾತಿನ ಮೇಲೆ ನಿಂತ ಲೆಕ್ಕ.

"ನಿಂದು ಅನುರಾಧಾ, ಇವನದು ಪುಷ್ಯ. ಇಬ್ಬರದೂ ದೇವಗಣ, ಅದಕ್ಕ ಆರಕ್ಕ ಆರು ಬಂದಾವ. ಖರೇ ಇಬ್ಬರದೂ ಮಧ್ಯ ನಾಡಿ. ಏಕನಾಡಿ ಆದ್ರ ಎಂಟಕ್ಕ ಸೊನ್ನಿ. ವೃಶ್ಚಿಕ, ಕರ್ಕ ಅಂದ್ರ ನವಪಂಚಮ, ಅಲ್ಲಿ ಏಳಕ್ಕ ಸೊನ್ನಿ. ಹದಿನೈದು ಅಲ್ಲೇ ಹೋದುವಲ್ಲ, ತಾಯಿ?"

"ಏನರ ಪರಿಹಾರ ಐತೇನ್ರಿ?" ಎಂದು ಕೇಳಿದವಳು ಸ್ನೇಹಲ. ಇಂಥದ್ದನ್ನೆಲ್ಲ ನಂಬದವಳು ಅವಳು. ಕೇಳಬೇಕಾದ ಅಮೋಲ ಆಗಲೇ ಚಪ್ಪಲಿ ಹುಡುಕುತ್ತಿದ್ದ.

"ನಾಡಿ ಶಾಂತಿ ಅಂತ ಮಾಡಸ್ತಾರ. ಕೆಲವರು ಒಪ್ತಾರ, ಕೆಲವರು ಒಪ್ಪಂಗಿಲ್ಲ. ಮನಿಯಾಗ ವಿಚಾರ ಮಾಡ್ರಿ."

ಮನೆಯಲ್ಲಿ ವಿಚಾರ ಮಾಡುವುದೆಲ್ಲ ಮುಗಿದಿತ್ತು. ಜುಳೆ ಸೋಲಾಪುರ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ನೋಡಿದ್ದರು. ಡಿಸೆಂಬರ್ ಒಂದಕ್ಕೆ ಇಬ್ಬರೂ ಕೂಡಿ ಇರಲು ಹೋಗುವುದು, ಬೇಸಿಗೆಯಲ್ಲಿ ರಿಜಿಸ್ಟರ್ ಲಗ್ನ. ಸ್ನೇಹಲಳ ತಾಯಿ ಮಲಕಮ್ಮ ಮೂರು ತಿಂಗಳು ಮಗಳೊಡನೆ ಮಾತು ಬಿಟ್ಟು, ನಾಲ್ಕನೆಯ ತಿಂಗಳು ಮಾತಾಡದೆಯೇ ಒಂದು ಕುಕ್ಕರ್ ತಂದುಕೊಟ್ಟಿದ್ದಳು. ಮೈಂದರ್ಗಿಯಲ್ಲಿದ್ದ ಅಮೋಲನ ತಾಯಿ ಗುರುಬಾಯಿಯದು ಒಂದೇ ಷರತ್ತು: ಮೊದಲು ಪತ್ರಿಕೆ ತೋರಿಸಬೇಕು.

ಸೋಲಾಪುರದ ಬಸ್ಸಿನಲ್ಲಿ ಅಮೋಲ ಕಿಟಕಿಯ ಕಡೆ ಕುಳಿತ. "ಏನ್ ಮಾಡೋದು ಸ್ನೇಹಾ, ಅವ್ವ ಈಗ ಕೇಳಂಗಿಲ್ಲ" ಅಂದ.

"ನೀನು ಕೇಳ್ತಿ?"

"ನೋಡೋಣು."

ಈ 'ನೋಡೋಣು' ಅವಳಿಗೆ ಹಳೆಯ ಪರಿಚಯ. ಕಳೆದ ಎರಡು ತಿಂಗಳಿಂದ ಅವಳು ತನ್ನದೇ ಒಂದು ಮೇಳಾಮೇಳಿ ನಡೆಸಿದ್ದಳು. ಸೋಲಾಪುರದಲ್ಲಿ ನಲ್ಲಿಗೆ ದಿನಾ ನೀರು ಬರುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನೀರು ಬರುವ ದಿನ ಮನೆಯಲ್ಲಿ ಯಾರು ಇರಬೇಕು? ಅವಳು ರಕ್ತ ತಪಾಸಣೆಯ ಲ್ಯಾಬಿಗೆ ನಸುಕಿನಲ್ಲೇ ಹೋಗಬೇಕು. ಅವನು ಬೀಜದ ಕಂಪನಿಯ ಕೆಲಸಕ್ಕೆ ಹಳ್ಳಿ ತಿರುಗಿ ತಡವಾಗಿ ಬರುತ್ತಾನೆ. ಅಡುಗೆ ಯಾರದು? ಅವನ ತಮ್ಮ ಪಪ್ಪು ಕಾಲೇಜಿಗೆ ಸೋಲಾಪುರಕ್ಕೆ ಬಂದರೆ ಎಲ್ಲಿ ಇರುತ್ತಾನೆ? ಮಕ್ಕಳು ಈಗಲೋ ಆಮೇಲೋ? ಪ್ರತಿ ಪ್ರಶ್ನೆಗೂ ಅಮೋಲ ನಗುತ್ತಿದ್ದ. ಪ್ರತಿ ನಗುವಿನ ತುದಿಗೂ 'ನೋಡೋಣು' ಇರುತ್ತಿತ್ತು. ಒಳ್ಳೆಯ ಹುಡುಗ, ಜಗಳ ಆಡುವವನಲ್ಲ ಎಂದುಕೊಂಡು ಅವಳು ಅದನ್ನೂ ಗುಣದ ಲೆಕ್ಕಕ್ಕೇ ಸೇರಿಸಿದ್ದಳು.

ಮಾರನೆಯ ದಿನ ಲ್ಯಾಬಿನಲ್ಲಿ ಜೊತೆಯ ನಂದಾಗೆ ಎಲ್ಲ ಹೇಳಿದಳು. ನಂದಾ ರಕ್ತದ ನಳಿಗೆಗಳನ್ನು ಸ್ಟ್ಯಾಂಡಿಗೆ ಇಳಿಸುತ್ತಲೇ ನಕ್ಕಳು.

"ಏ ಶಾಣ್ಯಾಕಿ, ಬಿ.ಎಸ್‌ಸಿ. ಮಾಡಿ ಇಷ್ಟೂ ತಿಳಿಲಿಲ್ಲೇನ? ನಮ್ಮ ಕಡಿ ಹುಡುಗಿ ಬ್ಯಾಡ ಅನ್ನಾಕ ಪತ್ರಿಕಾ ಕೂಡಂಗಿಲ್ಲ ಅಂತಾರ. ನನಗ ಮೂರು ಮನಿಯವರು ಅಂದಾರ. ಅದರಾಗ ಒಬ್ಬರು ನನ್ನ ಹುಟ್ಟಿದ ತಾರೀಖನ ಕೇಳಿರಲಿಲ್ಲ!"

"ಶಾಸ್ತ್ರಿಗಳು ನನ್ನ ಎದುರಿಗೇ ಲೆಕ್ಕ ಹಾಕಿದ್ರು."

"ಲೆಕ್ಕ ಸುಳ್ಳು ಅನ್ನಲಿಲ್ಲ ನಾ. ಟೈಮ್ ಕೊಟ್ಟಾವರು ಯಾರು?"

ಟೈಮ್ ಹೇಳಿದವನು ಅಮೋಲ: ಹುಟ್ಟಿದ್ದು ಹನ್ನೊಂದನೆಯ ತಾರೀಖು, ರವಿವಾರ, ರಾತ್ರಿ ಮೂರು ನಲವತ್ತು. ಆದರೆ ಅವನಿಗೆ ಹೇಳಿದವಳು ಗುರುಬಾಯಿ. ಬೇರೆ ಸಾಕ್ಷಿ ಇಲ್ಲ. ಅವನ ಎಲ್ಲ ಕಾಗದಗಳಲ್ಲಿ ಶಾಲೆಯ ಮಾಸ್ತರರು ಹಾಕಿದ ಜೂನ್ ಒಂದನೆಯ ತಾರೀಖೇ ಇದೆ. ಸ್ನೇಹಲಳ ಮನಸ್ಸಿನಲ್ಲಿ ಗುರುಬಾಯಿಯ ಮುಖ ಮೂಡಿತು. ಕಳೆದ ಸಲ ಹೋದಾಗ ಆಕೆ ಇವಳ ಕೈಬೆರಳುಗಳನ್ನೇ ನೋಡುತ್ತಿದ್ದುದು, "ಲ್ಯಾಬಿನಾಗ ಔಷಧದ ವಾಸನಿ ಹೋಗಂಗಿಲ್ಲೇನ?" ಎಂದದ್ದು. ಅಂದು ಮಾಮೂಲು ಅನಿಸಿದ ಮಾತು ಇಂದು ಬೇರೆಯೇ ಧ್ವನಿಯಲ್ಲಿ ಕೇಳಿಸಿತು.

ಅವಳ ಗುಮಾನಿಗೆ ರೂಪ ಬಂದದ್ದು ಶುಕ್ರವಾರ. ಪಕ್ಕದ ಆಸ್ಪತ್ರೆಯಿಂದ ಬಂದ ಒಂದು ನಳಿಗೆಯ ಮೇಲೆ ರಾತ್ರಿ ಮೂರು ಗಂಟೆ ಎಂದು ಬರೆದಿತ್ತು, ತಾರೀಖು ಹಿಂದಿನ ದಿನದ್ದು. ರಾತ್ರಿ ಪಾಳಿಯವರು ಪದೇ ಪದೇ ಮಾಡುವ ತಪ್ಪು. ಮಲಗದವರಿಗೆ ದಿನ ಬದಲಾಗುವುದಿಲ್ಲ. ಹಾಗೆ ಬಿಟ್ಟರೆ ಸ್ಯಾಂಪಲ್ ಒಂದು ದಿನ ಹಳೆಯದಾಗುತ್ತದೆ, ಕೆಲವು ಪರೀಕ್ಷೆ ಮಾಡಲು ಬರುವುದೇ ಇಲ್ಲ. ಸ್ನೇಹಲ ಫೋನ್ ಮಾಡಿ ಕೇಳಿ, ತಾರೀಖು ತಿದ್ದಿಸಿದಳು. ಫೋನ್ ಇಡುತ್ತಲೇ ಅವಳಿಗೆ ಅಮೋಲ ಹೇಳಿದ ಟೈಮ್ ನೆನಪಾಯಿತು.

ರವಿವಾರ ರಾತ್ರಿ ಮೂರು ನಲವತ್ತು. ಗುರುಬಾಯಿಯಂಥವರಿಗೆ ದಿನ ಹುಟ್ಟುವುದು ಹೊತ್ತು ಮೂಡಿದಾಗ. ರವಿವಾರದ ರಾತ್ರಿ ಸೋಮವಾರದ ಬೆಳಗಿನವರೆಗೂ ರವಿವಾರವೇ. ಶಾಸ್ತ್ರಿಗಳ ಮೊಬೈಲಿಗೆ ಹಾಗಲ್ಲ. ಅದರ ರವಿವಾರ ಮೂರು ನಲವತ್ತು ಎಂದರೆ ಶನಿವಾರ ಮಲಗಿದವರು ಇನ್ನೂ ಏಳದ ಹೊತ್ತು. ನಡುವೆ ಇಪ್ಪತ್ತನಾಲ್ಕು ತಾಸು. ಅಷ್ಟರಲ್ಲಿ ಚಂದ್ರ ಸುಮಾರು ಹದಿಮೂರು ಅಂಶ ದಾಟುತ್ತಾನೆ, ಅಂದರೆ ಹತ್ತಿರ ಹತ್ತಿರ ಒಂದು ನಕ್ಷತ್ರ.

ತಪ್ಪು ತಾನಾಗಿ ಆಯಿತೋ, ಯಾರಾದರೂ ಆಗಲಿ ಎಂದು ಬಿಟ್ಟರೋ? ಶನಿವಾರ ಮಧ್ಯಾಹ್ನ ಅಮೋಲನಿಗೆ ತಿಳಿಸದೆ ಅವಳು ಮೈಂದರ್ಗಿಯ ಬಸ್ಸು ಹತ್ತಿದಳು.

ಗುರುಬಾಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದಳು. ಸ್ನೇಹಲಳನ್ನು ನೋಡಿ ಗಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡಳು.

"ಒಬ್ಬಾಕಿನ ಬಂದಿ? ಅಮೋಲ ಎಲ್ಲಿ?"

"ಅಂವ ಬಂದಿಲ್ರಿ ಅತ್ತಿ. ಒಂದು ಮಾತು ಕೇಳಬೇಕಾಗಿತ್ತು. ಅಮೋಲ ಹುಟ್ಟಿದಾಗ ಹೊತ್ತು ಹೊಂಟಿತ್ತೇನ್ರಿ?"

"ಎಲ್ಲಿ ಹೊತ್ತವಾ! ಐತವಾರ ಸಂಜಿಕ ಬ್ಯಾನಿ ಸುರು ಆತು. ರಾತ್ರಿ ತುಂಬ ಒದ್ದಾಡೀನಿ. ಅಂವಾ ಹುಟ್ಟಿದ ಮ್ಯಾಲೂ ಮೂರು ತಾಸಿಗೆ ಹೊತ್ತು ಹೊಂಟಿತು. ನಮ್ಮ ಮಾವ ಸೋಮವಾರ ಮುಂಜಾನಿ ಊರೆಲ್ಲ ಸಕ್ಕರಿ ಹಂಚ್ಯಾರ."

"ಹಂಗಾದ್ರ ತಾರೀಖು ಹನ್ನೆರಡ್ರಿ. ಗಡಿಯಾರದ ಲೆಕ್ಕಕ್ಕ ಅದು ಸೋಮವಾರ."

"ಹೌದಲ್ಲ! ಅದನ್ನ ಅಂವಗ ಹೇಳೇನಲ್ಲ. ಮಂಗಳವಾರ ಫೋನ್ ಹಚ್ಚಿ ತಾನಾಗಿ ಕೇಳಿದ, ಅವ್ವ, ಐತವಾರ ರಾತ್ರಿ ಅಂದ್ರ ಯಾವ ರಾತ್ರಿ ಅಂತ. ಶಾಸ್ತ್ರಿಗೋಳಿಗೆ ತಿರುಗಿ ಕೇಳ್ತೀನಿ ಅಂದ. ಮುಂದ ಏನಂದ್ರಂತ?"

"ಅಂವ ನನಗೇನೂ ಹೇಳಿಲ್ರಿ" ಅಂದಳು ಸ್ನೇಹಲ. ಗುರುಬಾಯಿ ಅವಳ ಮುಖ ನೋಡಿದಳು, ಆಮೇಲೆ ಮೊಬೈಲ್ ತೆಗೆದು ಅವಳ ಕೈಗಿಟ್ಟಳು. "ಹಚ್ಚವಾ ಅವರಿಗೆ. ದೊಡ್ಡ ಆವಾಜಿನ್ಯಾಗ ಇಡು."

ಶಾಸ್ತ್ರಿಗಳ ಧ್ವನಿ ಕಟ್ಟೆಯ ಮೇಲೆಲ್ಲ ಕೇಳಿಸಿತು. "ತಪ್ಪು ನಂದೂ ಐತ್ರಿ, ಗುರುಬಾಯಿ. ಹೊತ್ತು ಹೊಂಡೂದರ ಹಿಂದೋ ಮುಂದೋ ಅಂತ ನಾ ಕೇಳಬೇಕಿತ್ತು, ಮಂದಿ ಭಾಳ ಇತ್ತು. ಪುಷ್ಯ ಅಲ್ಲ, ಆಶ್ಲೇಷಾ. ರಾಕ್ಷಸಗಣ ಬಂತು, ಅಲ್ಲಿ ಐದು ಗುಣ ಹೋದುವು. ಖರೇ ಅಂತ್ಯ ನಾಡಿ, ಎಂಟಕ್ಕ ಎಂಟು. ಯೋನಿಯಾಗ ಒಂದು ಹೆಚ್ಚು. ಒಟ್ಟು ಇಪ್ಪತ್ತೊಂದು. ನಡೀತದ. ಬುಧವಾರನ ಹೇಳೇನಲ್ಲ ನಿಮ್ಮ ಮಗಗ! ಹೇಳಲಿಲ್ಲೇನು?"

ಫೋನು ಬಂದ್ ಆದ ಮೇಲೆ ಗುರುಬಾಯಿ ಶೇಂಗಾದ ಸಿಪ್ಪೆಯನ್ನು ಕೈಯಲ್ಲಿ ಪುಡಿಮಾಡಿದಳು.

"ನಾ ಬ್ಯಾಡ ಅಂದೀನಂತ ತಿಳದಿದ್ದಿ, ಅಲ್ಲೇನ?" ಅಂದಳು.

"ಹೌದ್ರಿ, ಅತ್ತಿ."

"ತಿಳಕೋ, ತಿಳಕೋ. ಅತ್ತಿ ಅಂದ್ರ ಹಂಗ." ಒಳಗೆ ಹೋಗಿ ನೀರು ತಂದುಕೊಟ್ಟಳು. "ಸಣ್ಣಂವಿದ್ದಾಗೂ ಉಪ್ಪಿಟ್ಟು ಬ್ಯಾಡಾಗಿದ್ರ ಬ್ಯಾಡ ಅಂತಿರಲಿಲ್ಲ. ಹೊಟ್ಟಿ ನೋಯ್ತದ ಅಂತಿದ್ದ."

ರವಿವಾರ ಸಂಜೆ ಜುಳೆ ಸೋಲಾಪುರದ ಖಾಲಿ ಮನೆಯಲ್ಲಿ ಇಬ್ಬರೂ ಸೇರಿದರು. ಮನೆಯ ಮಾಲೀಕರಿಗೆ ಹೂಂ ಅಥವಾ ಊಹೂಂ ಹೇಳಬೇಕಾದ ದಿನ. ಹಿಂಭಾಗದಲ್ಲಿ ಪಾತ್ರೆ, ಬಟ್ಟೆ ತೊಳೆಯುವ ಮೋರಿಯಲ್ಲಿ ಐದುನೂರು ಲೀಟರಿನ ನೀರಿನ ಟಾಕಿ ಇಡಬೇಕೆಂದು ಮೊದಲೇ ಮಾತಾಗಿತ್ತು. ಸ್ನೇಹಲ ಅಳತೆಯ ಟೇಪು ತಂದಿದ್ದಳು.

"ಆ ಕಡಿ ತುದಿ ಹಿಡಿ" ಅಂದಳು.

ಅಮೋಲ ಹಿಡಿದ. "ಯಾಕ ಈಗ ಅಳತಿ? ಅವ್ವಾರು ಒಪ್ಪವಲ್ರು ಅಂತ ಹೇಳೇನಲ್ಲ."

"ಅವ್ವಾರು ಯಾಕ ಒಪ್ಪವಲ್ರು?"

"ಹದಿನೇಳ ಬಂದಾವಲ್ಲ..."

"ಎಷ್ಟು?"

ಅವನು ಟೇಪಿನ ತುದಿಯನ್ನು ನೋಡಿದ.

"ನಿನ್ನೆ ಮೈಂದರ್ಗಿಗೆ ಹೋಗಿದ್ದೆ. ಎಷ್ಟು, ಅಮೋಲ?"

ಟೇಪು ಅವನ ಕೈಯಿಂದ ಜಾರಿ ಸರ್ರನೆ ಒಳಗೆ ಸೇರಿತು. ಹೊರಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ.

"ಇಪ್ಪತ್ತೊಂದು" ಅಂದ ಕೊನೆಗೆ.

"ಬುಧವಾರದಿಂದ ಗೊತ್ತಿತ್ತು."

"ಹೂಂ."

"ಮತ್ತ ಮಂಗಳವಾರ ಅವ್ವಗ ಯಾಕ ಕೇಳಿದಿ? ಹದಿನೇಳ ಗಟ್ಟಿ ಐತೇನ ಅಂತ ನೋಡಾಕ?"

"ಗೊತ್ತಿಲ್ಲ ಸ್ನೇಹಾ. ಖರೇನ ಗೊತ್ತಿಲ್ಲ." ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. "ಹದಿನೇಳು ಅಂದಾಗ ಎದಿ ಮ್ಯಾಲಿನ ಕಲ್ಲು ಇಳದಂಗಾತು. ನನಗ ನನ್ನ ಬಗ್ಗೆನ ನಾಚಿಕಿ ಬಂತು. ಅದಕ್ಕ ಕೇಳಿದೆ. ಇಪ್ಪತ್ತೊಂದು ಅಂದ್ರು. ಹೇಳಾಕ ಬಾಯಿ ಬರಲಿಲ್ಲ."

"ನನ್ನ ಮ್ಯಾಲ ಮನಸಿಲ್ಲೇನು?"

"ಐತಿ. ನಿನ್ನ ಜೋಡಿ ತಿರಗಾಡಾಕ, ನಗಾಕ ಬೇಕು. ನೀ ಕೇಳ್ತಿಯಲ್ಲ, ನೀರು ಯಾರು ತುಂಬ್ತಾರ, ಪಪ್ಪು ಎಲ್ಲಿರ್ತಾನ... ಪಪ್ಪುಗ ಜೂನದಾಗ ಇಲ್ಲೇ ಬಾ ಅಂತ ಹೇಳಿಬಿಟ್ಟೀನಿ. ನಿನಗ ಹೇಳೇ ಇಲ್ಲ. ನೀ ಕೇಳಿದ್ದಕ್ಕೆಲ್ಲ ಒಂದೊಂದು ಉತ್ತರ ಕೊಡಬೇಕಂದ್ರ ನನಗ ಉಸಿರ ಸಿಗಂಗಿಲ್ಲ."

ಸ್ನೇಹಲಗೆ ಸಿಟ್ಟು ಬರಲಿಲ್ಲ. ಎಂಟು ದಿನದಿಂದ ಅವಳು ಗುರುಬಾಯಿಯ ಕಣ್ಣಿನಲ್ಲಿ, ಶಾಸ್ತ್ರಿಗಳ ಮೊಬೈಲಿನಲ್ಲಿ, ನಂದಾಳ ನಗುವಿನಲ್ಲೂ ಮೋಸ ಹುಡುಕಿದ್ದಳು. ಹದಿನೇಳನ್ನು ಅವಳು ನಂಬಿರಲಿಲ್ಲ, ಇಪ್ಪತ್ತೊಂದನ್ನೂ ನಂಬುವವಳಲ್ಲ. ಬುಧವಾರದಿಂದ ಇವತ್ತಿನವರೆಗೆ ಇವನು ಸುಮ್ಮನಿದ್ದುದು ಮಾತ್ರ ಯಾವ ಪಂಚಾಂಗದಲ್ಲೂ ತಿದ್ದಲು ಬಾರದ್ದು.

"ಪಪ್ಪು ಬರೋದಕ್ಕ ನಾ ಬ್ಯಾಡ ಅಂತಿರಲಿಲ್ಲ" ಅಂದಳು. "ಯಾವ ಕೋಣಿ ಅಂತ ಕೇಳ್ತಿದ್ದೆ, ಅಷ್ಟ."

"ಅದ ಮತ್ತ" ಅಂದ ಅಮೋಲ. ಇಬ್ಬರಿಗೂ ಸ್ವಲ್ಪ ನಗು ಬಂತು, ಬಂದ ಹಾಗೇ ಹೋಯಿತು.

"ಈಗ ನನಗೊಂದು ಮಾತು ಹೇಳು. ನೋಡೋಣು ಅನ್ನಬ್ಯಾಡ. ಹೊಟ್ಟಿ ನೋಯ್ತದ ಅಂತೂ ಅನ್ನಬ್ಯಾಡ. ಒಂದನೇ ತಾರೀಖಿಗೆ ಬರ್ತಿ?"

ಅವನು ತಲೆ ಎತ್ತಿ ಅವಳನ್ನೇ ನೋಡಿದ.

"ಇಲ್ಲ" ಅಂದ.

ಅವನು ಅವಳಿಗೆ ನೇರವಾಗಿ ಕೊಟ್ಟ ಮೊದಲ ಉತ್ತರ ಅದು. ಅವಳು ತಲೆ ಆಡಿಸಿದಳು. ಅವನು ಮೆಟ್ಟಿಲಿಳಿದು ಹೋದ ಮೇಲೆ ಮನೆಯ ಮಾಲೀಕರಿಗೆ ಫೋನ್ ಮಾಡಿದಳು: ಮನೆ ಹಿಡಿಯುತ್ತೇನೆ, ನಾನೊಬ್ಬಳೇ, ಆಗಾಗ ತಾಯಿ ಬಂದಿರುತ್ತಾರೆ. ಅವರು ಹತ್ತು ಪ್ರಶ್ನೆ ಕೇಳಿದರು. ಹತ್ತಕ್ಕೂ ಉತ್ತರ ಕೊಟ್ಟಳು.

ಆಮೇಲೆ ಟೇಪಿನ ಕೊಂಡಿಯನ್ನು ಗೋಡೆಯ ಅಂಚಿಗೆ ತಾನೇ ಸಿಕ್ಕಿಸಿ, ಮೋರಿಯ ಮೂಲೆಯನ್ನು ಮತ್ತೊಮ್ಮೆ ಅಳೆದಳು. ದೊಡ್ಡ ಟಾಕಿ ಈಗ ಬೇಕಿರಲಿಲ್ಲ. ಒಬ್ಬಳಿಗೆ ಒಂದು ಡ್ರಮ್ಮು ಸಾಕು: ಇನ್ನೂರು ಲೀಟರ್.