ಎಣ್ಣಿ ಒಲಿಗೆ ನೀರು ಬ್ಯಾಡ

ಇಳಕಲ್ಲಿನಾಗ ಲಗ್ನದ ಅಡಗಿ ಅಂದ್ರ ಹೊಳಬಸಪ್ಪ, ಹೊಳಬಸಪ್ಪ ಅಂದ್ರ ಲಗ್ನದ ಅಡಗಿ. ಹುನಗುಂದದಿಂದ ಬಾದಾಮಿ ತನಕ ಅವನ ಬುಂದಿ ತಿನ್ನದ ಬೀಗರು ಯಾರೂ ಇರಲಿಲ್ಲ ಅನ್ರಿ. ಮನಶ್ಯಾ ಸಿಡುಕ, ಕೈ ಮಾತ್ರ ಬಂಗಾರ. ಮಗಳು ಚಂದವ್ವಗ ಅಪ್ಪನ ಕೈನೂ ಬಂದಿತ್ತು, ಸಿಡುಕೂ ಬಂದಿತ್ತು. ಬರದೇ ಉಳದದ್ದು ಒಂದ, ನೀರಿನ ಮ್ಯಾಲೆ ಅಪ್ಪಗ ಇದ್ದ ಆ ನಂಬಿಕಿ.

ಹೊಳಬಸಪ್ಪ ಎಲ್ಲೇ ಒಲಿ ಹೂಡಲಿ, ಮೊದಲು ಬರೂದು ನೀರಿನ ಹಂಡೆ. ಅದಕ್ಕ ಇಬತ್ತಿ ಹಚ್ಚಿ, ಕುಂಕುಮ ಇಟ್ಟು, ಗಂಗವ್ವ ಅಂತ ಕೈಮುಗದು ಎಣ್ಣಿ ಒಲಿ ಬಾಜೂಕ ಕೂಡಿಸವ. ಬಾಯಿಗೆ ಒಂದು ತಾಮ್ರದ ಕೊಡ. ಅದಕ್ಕ ಯಾರರೆ ಕಾಲು ತಾಗಿಸಿದ್ರೋ, ಅವತ್ತಿನ ಪಗಾರ ಹೋತು, ಮ್ಯಾಲೆ ಬೈಗಳ ಬ್ಯಾರೆ.

ಇದಕ್ಕ ಕಾರಣ ಎಲ್ಲಾರಿಗೂ ಗೊತ್ತಿತ್ತು. ಚಂದವ್ವ ಇನ್ನೂ ತೊಟ್ಟಲದಾಗ ಇದ್ದಾಗ, ಮಹಾಕೂಟದಾಗ ಭಕ್ತರಿಗೆ ಅಡಗಿ ಮಾಡೂವಾಗ, ಎಣ್ಣಿ ಬುಟ್ಟಿಗೆ, ಅಂದ್ರ ಬುಂದಿ ಕರಿಯೂ ಕಡಾಯಿಗೆ, ಬೆಂಕಿ ಹತ್ತಿ ಹೊಳಬಸಪ್ಪನ ತಮ್ಮ ಮುದಕಪ್ಪ ಸತ್ತಿದ್ದ. ಬುಂದಿ ಉದುರಿಸೂ ತೂತಿನ ಝಾರಿ ಹಿಡಕೊಂಡು ಬುಟ್ಟಿ ಮುಂದ ನಿಂತವ ಮುದಕಪ್ಪ. ಓಡಿ ಬಂದು ಒಂದು ಕೊಡ ನೀರು ಹೊಡದವ ಹೊಳಬಸಪ್ಪ. ಬೆಂಕಿ ಆರಲಿಲ್ಲ, ಎದ್ದು ತಮ್ಮನ್ನ ನುಂಗಿತು. ನೀರು ಕಡಿಮಿ ಬಿತ್ತು, ಒಂದು ಹಂಡೆ ಇದ್ದಿದ್ರ ನನ್ನ ತಮ್ಮ ಉಳೀತಿದ್ದ ಅಂತ ಅವತ್ತಿನಿಂದ ಅವಾ ಹೇಳಕೋತ ಬಂದಿದ್ದ. ಹಂಡೆ ಬಂದದ್ದು ಹಂಗ.

ಅದು ಸುಳ್ಳು ಅನ್ನೂದು ಚಂದವ್ವಗ ಮೂರು ವರ್ಷದ ಹಿಂದ, ಎಪ್ಪತ್ತಾರನೇ ಇಸವಿಯೊಳಗ ಗೊತ್ತಾಗಿತ್ತು. ಬಾಗಲಕೋಟಿಯಿಂದ ಬೆಂಕಿ ಆರಸೂ ಮಂದಿ ಊರಿಗೆ ಬಂದು ಒಂದು ಸಾಲಿ ಬಯಲಾಗ ಬೆಂಕಿ ಹಚ್ಚಿ ಆರಿಸಿ ತೋರಿಸಿದ್ರು. ಅವರಿಗೆ ಉಪ್ಪಿಟ್ಟು ಮಾಡಾಕ ಹೋದಾಕಿ ಚಂದವ್ವ, ಸೌಟು ಕೈಯಾಗ ಹಿಡಕೊಂಡ ನೋಡಾಕ ನಿಂತಳು. ದಸ್ತಗೀರಸಾಬ ಅನ್ನೂ ದಪ್ಪ ಮೀಸಿಯವ ಮೂರು ಕಲ್ಲು ಇಟ್ಟು ಮಾತು ಚಾಲೂ ಮಾಡಿದ. ಒಲಿಗೆ ಮೂರು ಕಲ್ಲು ಹೆಂಗೋ ಬೆಂಕಿಗೂ ಹಂಗ ಅಂದ. ಉರಿಯೂ ವಸ್ತು ಒಂದು, ಕಾವು ಒಂದು, ಗಾಳಿ ಒಂದು. ಯಾವುದರೆ ಒಂದು ಕಿತ್ತು ಒಗೀರಿ, ಬೆಂಕಿ ಬೀಳತೈತಿ. ಕಟ್ಟಿಗಿ ರಾಶಿಗೆ ಬೆಂಕಿ ಹಚ್ಚಿ ನೀರು ಹೊಡದ. ಚುಂಯ್ ಅಂತ ಉಗಿ ಎದ್ದು, ಕಟ್ಟಿಗಿ ತಣ್ಣಗಾಗಿ ಕಪ್ಪಗ ಬಿತ್ತು. ನೀರು ಕಾವಿನ ಕಲ್ಲು ಕಿತ್ತಿತು ಅಂದ.

ಆಮ್ಯಾಲೆ ಒಂದು ಸಣ್ಣ ಬೋಗಾಣಿಯೊಳಗ ಎಣ್ಣಿ ಉರಿಯಾಕ ಬಿಟ್ಟು, ಮಂದಿನ್ನೆಲ್ಲಾ ದೂರ ಸರಿಸಿ, ಉದ್ದ ಕೋಲಿನ ತುದಿಗೆ ಚರಗಿ ಕಟ್ಟಿ ನೀರು ಸುರುವಿದ. ಯಪ್ಪಾ ದೇವ್ರ! ಬೇವಿನ ಗಿಡದ ಎತ್ತರ ಬೆಂಕಿ ಎದ್ದಿತು. ನೀರು ಎಣ್ಣಿಗಿಂತ ಭಾರ, ತಳಕ್ಕ ಇಳೀತೈತಿ. ಉರಿಯೂ ಎಣ್ಣಿ ಕುದಿಯೂ ನೀರಿಗಿಂತ ಎಷ್ಟೋ ಪಟ್ಟು ಕಾದಿರತೈತಿ, ಅಲ್ಲಿ ಒಂದು ಚರಗಿ ನೀರು ಕಣ್ಣು ಪಿಳಕಿಸೂದ್ರಾಗ ಸಾವಿರಾರು ಚರಗಿಯಷ್ಟು ಉಗಿ ಆಗಿ ಸಿಡೀತೈತಿ, ಎಣ್ಣಿನ್ನ ಹನಿ ಹನಿ ಮಾಡಿ ಗಾಳಿಗೆ ತೂರತೈತಿ. ಕಲ್ಲು ಕೀಳೂದು ಎಲ್ಲಿ ಬಂತು, ಗಾಳಿ ಕಲ್ಲು ಮತ್ತಿಷ್ಟು ದಪ್ಪ ಆತು. ಎಣ್ಣಿಗೆ ನೀರು ಬ್ಯಾಡ, ಮ್ಯಾಲೆ ಮುಚ್ಚಿ ಗಾಳಿ ಕಟ್ಟ್ರಿ ಅಂತ ದಸ್ತಗೀರಸಾಬ ಒದರಿ ಹೇಳಿದ.

ಮಂದಿ ಚಪ್ಪಾಳಿ ಹೊಡದ್ರು. ಚಂದವ್ವನ ಕೈಯಾಗಿನ ಸೌಟು ಕೆಳಗ ಬಿದ್ದಿತ್ತು. ಕಾಕಾ ಹೆಂಗ ಸತ್ತ ಅನ್ನೂದು ಅಕೀಗೆ ಕಣ್ಣಿಗೆ ಕಟ್ಟಿದಂಗ ಕಂಡಿತ್ತು.

ಹೇಳೂದು ಹೆಂಗ್ರಿ ಇದನ್ನ? ಯಪ್ಪಾ, ನೀರು ಕಡಿಮಿ ಬಿದ್ದಿಲ್ಲ, ನಿನ್ನ ನೀರ ಕಾಕಾನ್ನ ತಿಂತು ಅಂತ ಯಾವ ಮಗಳು ಹೇಳತಾಳು? ಹೇಳದಿದ್ರ ಇನ್ನೊಂದು ದಿನ ಅದ ನೀರು ಅಪ್ಪನ್ನ ತಿಂತೈತಿ. ನುಂಗಿದ್ರ ಗಂಟಲು ಸುಡತೈತಿ, ಉಗುಳಿದ್ರ ಅಪ್ಪನ ಮಾನ ಹೋಗತೈತಿ. ಮೂರು ವರ್ಷ ಅಕಿ ಈ ಮಾತನ್ನ ಹೊಟ್ಯಾಗ ಇಟಗೊಂಡ ಅಪ್ಪನ ಬಾಜೂಕ ಬುಂದಿ ಕರದಳು.

ಎಪ್ಪತ್ತೊಂಬತ್ತರ ಬ್ಯಾಸಗಿಯೊಳಗ ಅಪ್ಪ ಝಾರಿನ್ನ ಅಕಿ ಕೈಗೆ ಕೊಟ್ಟ. ಸಂಗಯ್ಯನವರ ಮನಿ ಲಗ್ನ, ಇವತ್ತಿನ ಒಲಿ ನಿಂದು, ನಾ ಕಟ್ಟಿ ಮ್ಯಾಲೆ ಕೂತು ನೋಡತೇನಿ ಅಂದ. ಲಗ್ನದ ಒಲಿಗೆ ಹೆಣ್ಣಮಗಳು ಮುಂದಾಳು ಆದದ್ದು ಊರಾಗ ಅದ ಮೊದಲು. ಚಂದವ್ವ ಖುಷಿಯಿಂದ ನೆಲದ ಮ್ಯಾಲೆ ನಿಂದ್ರಲಿಲ್ಲ. ಮೊದಲ ಕೆಲಸ ಅಂತ, ಹಂಡೆನ್ನ ಮೆಲ್ಲಕ ಅನ್ನದ ಒಲಿ ಕಡೆ ಸರಿಸಿದಳು.

ಅಪ್ಪನ ಕಣ್ಣು ಹದ್ದಿನ ಕಣ್ಣು. ಎದ್ದು ಬಂದು ಮತ್ತ ಎಣ್ಣಿ ಒಲಿ ಬಾಜೂಕ ಇಡಿಸಿದ. ಗಂಗವ್ವನ್ನ ಬಿಟ್ಟು ಒಲಿ ಹಚ್ಚೂದಾದ್ರ ಝಾರಿ ಇಲ್ಲಿ ಕೊಡು ಅಂದ. ಚಂದವ್ವ ಹಂಡೆನ್ನ ಇದ್ದಲ್ಲೇ ಬಿಟ್ಟು ಒಲಿ ಹಚ್ಚಿದಳು.

ಅಷ್ಟರಾಗ ಏನಾಗಬೇಕು, ಒಲಿಯಿಂದ ಕಿಡಿ ಹಾರಿ ಬಾಜೂಕಿನ ಜಾಲಿ ಕಟ್ಟಿಗಿ ರಾಶಿಗೆ ಬೆಂಕಿ ಹತ್ತಿತು. ಹೊಳಬಸಪ್ಪ ಈ ವಯಸ್ಸಿನಾಗೂ ಜಿಗದು ಬಂದು ಕೊಡದ ಮ್ಯಾಲೆ ಕೊಡ ಹೊಡದ. ರಾಶಿ ಚುಂಯ್ ಅಂದು ತಣ್ಣಗಾತು. ಮಂದಿ ಶಹಬ್ಬಾಸ್ ಅಂದ್ರು. ನೋಡಿದೇನು ಗಂಗವ್ವನ ಮಹಿಮಾ ಅಂತ ಅಪ್ಪ ಮೀಸಿ ತಿರುವಿದ. ಉರದದ್ದು ಕಟ್ಟಿಗಿ, ಅಲ್ಲಿ ನೀರಿನ ಕೆಲಸ ಖರೇನ ಇತ್ತು.

ಮಧ್ಯಾಹ್ನ ವರನ ಕಡೆಯವರು ಊರ ಹೊರಗ ಬಂದ್ರು ಅಂತ ಬಾಜಾ ಬಾರಿಸಿದ್ರು. ಎದುರುಗೊಳ್ಳೂದು ಅಂದ್ರ ಕೇಳಬೇಕೇನು, ಒಲಿ ಮುಂದಿನ ಹೆಣ್ಣಮಕ್ಕಳೆಲ್ಲಾ ಸೆರಗು ಸಿಗಿಸಿಕೊಂಡ ಓಡಿದ್ರು. ಚಂದವ್ವ ಒಳಗ ಕಡ್ಲಿಹಿಟ್ಟು ಕಲಸಾಕ ಹೋಗಿದ್ದಳು. ಬುಟ್ಟಿ ಕಾಯಾಕ ಅಂತ ಬಿಟ್ಟಿದ್ದ ಅಡಗಿ ಆಳು ಮಾಯವ್ವ, ಬೀಗರು ಬರೂದ್ರಾಗ ಎಣ್ಣಿ ಕಾದಿರಲಿ ಅಂತ ಎರಡು ದಪ್ಪ ಕಟ್ಟಿಗಿ ಮುಂದ ನೂಕಿ ತಾನೂ ಓಡಿದಳು. ಕಟ್ಟಿ ಮ್ಯಾಲೆ ಅಪ್ಪಗ ಝೊಂಪು ಹತ್ತಿತ್ತು. ಎಣ್ಣಿ ಕಾದು, ಹೊಗಿ ಆಡಿ, ಕಡೀಕ ತಾನ ಹೊತ್ತಿಕೊಂಡಿತು.

ಚಂದವ್ವ ಹಿಟ್ಟಿನ ಕೈಲೆ ಹೊರಗ ಬಂದು ನೋಡತಾಳ, ಬುಟ್ಟಿ ತುಂಬ ಬೆಂಕಿ! ಆಳೆತ್ತರ ಉರಿ, ಮ್ಯಾಲೆ ಹಂದರದ ತೆಂಗಿನ ಗರಿ ಆಗಲೇ ಬಾಡಾಕತ್ತಿತ್ತು. ಹಂದರದ ಆಚೆ ಮಗ್ಗದ ಮನಿ, ರೇಶ್ಮಿ ನೂಲು, ಹೆಂಗಸರು, ಕೂಸುಗಳು. ಎಣ್ಣಿ ಮುಚ್ಚಾಕ ಏನೈತಿ ಅಂತ ಅಕಿ ಕಣ್ಣು ಹುಡುಕಾಡಿತು. ಗ್ವಾಡಿಗೆ ಒರಗಿಸಿಟ್ಟ ಅನ್ನ ಹರವೂ ದೊಡ್ಡ ತಾಮ್ರದ ಪರಾತ ಕಂಡಿತು, ಬುಟ್ಟಿಗಿಂತ ಅಗಲ. ಅದರ ಕಡೆ ಒಂದು ಹೆಜ್ಜಿ ಇಟ್ಟಿದ್ದಳು ಅಷ್ಟ.

ಹೊಳಬಸಪ್ಪ ಎಚ್ಚರಾಗಿದ್ದ. ಹಂಡೆಯಾಗ ಕೊಡ ಅದ್ದಿ ನಡಾಮಟ ಎತ್ತಿ ಬುಟ್ಟಿ ಮುಂದ ನಿಂತಿದ್ದ. ಅವನ ಕಣ್ಣಾಗ ಇಳಕಲ್ ಇರಲಿಲ್ಲ, ಮಗಳೂ ಇರಲಿಲ್ಲ. ಮುದಕಪ್ಪಾ, ಸರಿ, ಸರಿ ಅಂತ ಸತ್ತ ತಮ್ಮನ್ನ ಕರಿಯಾಕತ್ತಿದ್ದ.

"ಯಪ್ಪಾ, ಬ್ಯಾಡ!" ಅಂದಳು. ಕೇಳಲಿಲ್ಲ. ಕೊಡ ವಾಲಾಕತ್ತಿತು. ಚಂದವ್ವ ಪರಾತ ಬಿಟ್ಟಳು, ಹಿಂದಿನಿಂದ ಅಪ್ಪನ ನಡಾ ತಬ್ಬಿ ಜಗ್ಗಿದಳು. ಮುದುಕ ಆದ್ರೂ ಎತ್ತಿನಂಥಾ ಮೈ, ಒಂದು ಗೇಣೂ ಸರೀಲಿಲ್ಲ. ಆಗ ಅಕಿ ಬಾಜೂಕ ಸರದು, ಬಲಗಾಲು ಎತ್ತಿ, ಗಂಗವ್ವನ ಆ ತಾಮ್ರದ ಕೊಡಕ್ಕ ಜಾಡಿಸಿ ಒದ್ದಳು. ಕೊಡ ಅಪ್ಪನ ಕೈ ಬಿಟ್ಟು ಹಂಡೆಗೆ ಬಡೀತು, ಹಂಡೆನೂ ಉರುಳಿತು. ಅಪ್ಪ ಮಗಳು ಇಬ್ಬರೂ ನೆಲಕ್ಕ ಬಿದ್ರು.

ಎದುರುಗೊಳ್ಳಾಕ ಹೋದ ಮಂದಿ ಆಗ ಬಾಗಲಾಗ ಬಂದು ನಿಂತಿತ್ತು. ಗಂಗವ್ವನ್ನ ಒದ್ದಳು, ಹೆತ್ತ ಅಪ್ಪನ್ನ ಕೆಡವಿದಳು ಅಂತ ಯಾರೋ ಬಾಯಿ ಬಡಕೊಂಡ್ರು. ಬಡಕೋಳ್ಳಿ. ಉರುಳಿದ ನೀರು ಹರಕೋತ ಒಲಿ ಕುಣಿಗೆ ಇಳೀತು. ಕೆಳಗಿನ ಕಟ್ಟಿಗಿ ಚುಂಯ್ ಚುಂಯ್ ಅಂತ ಆರಿತು. ಮ್ಯಾಲಿನ ಎಣ್ಣಿ ಮಾತ್ರ ಏನೂ ಆಗದವರಂಗ ಧಗಧಗ ಉರಿಯಾಕತ್ತಿತ್ತು. ಅದಕ್ಕ ಈಗ ಕಟ್ಟಿಗಿಯ ಹಂಗು ಇರಲಿಲ್ಲ.

ಚಂದವ್ವ ಎದ್ದಳು. ಪರಾತನ್ನ ಢಾಲಿನಂಗ ಮುಂದ ಹಿಡದು, ಮಾರಿ ಹಿಂದ ಮಾಡಿ, ತನ್ನ ಕಡೆಯಿಂದ ಆಚೆ ಕಡೆಗೆ ಮೆಲ್ಲಕ ಬುಟ್ಟಿ ಮ್ಯಾಲೆ ಸರಿಸಿ ಬೋರಲ ಹಾಕಿದಳು. ಕೈ ಮ್ಯಾಲಿನ ಕೂದಲು ಸುಟ್ಟ ವಾಸನಿ ಬಂತು. ಅಂಚಿನಾಗ ನಾಲಿಗಿ ಚಾಚಿದಂಗ ಒಂದೆರಡು ಉರಿ ಹಣಿಕಿ ಹಾಕಿದವು, ಸಣ್ಣ ಆದವು, ಇಲ್ಲಾದವು. ಮಂದಿ ಉಸರು ಬಿಟ್ಟಿತು.

ಮಾಯವ್ವ, ಪಾಪ, ತಪ್ಪು ತನ್ನದ ಅಂತ ಅಳಕೋತ ಬಂದು, ಆರಿತೇನು ನೋಡೂಣು ಅಂತ ಇಕ್ಕಳಲೆ ಪರಾತ ಒಂದು ಚೂರು ಎತ್ತಿದಳು. ಭಪ್ ಅಂತ ಎಣ್ಣಿ ಮತ್ತ ಹೊತ್ತಿತು! ಚಂದವ್ವ ಇಕ್ಕಳ ಕಸಗೊಂಡು ಪರಾತ ಬೀಳಿಸಿ ಗದರಿಸಿದಳು: ಕಾವು ಇನ್ನೂ ಒಳಗ ಐತಿ, ಗಾಳಿ ಹೊಕ್ಕಿತಂದ್ರ ಬೆಂಕಿ ಏಳತೈತಿ, ತಾನ ತಣ್ಣಗಾಗೂ ತನಕ ಯಾರೂ ಮುಟ್ಟಬ್ಯಾಡ್ರಿ.

ಹೊಳಬಸಪ್ಪ ನೆಲದ ಮ್ಯಾಲೇನ ಕೂತಿದ್ದ. ಅಂವ ಬೈಲಿಲ್ಲ. ಅದ ಚಂದವ್ವಗ ಹೆದರಿಕಿ ಹುಟ್ಟಿಸಿತು. ಬೈದಿದ್ರ ತಡಕೋತಿದ್ದಳು. ಕುಣಿಯೊಳಗ ಆರಿದ ಕಟ್ಟಿಗಿ ನೋಡಿದ, ಪರಾತ ನೋಡಿದ, ಮಗಳ ಮಾರಿ ನೋಡಿದ.

"ನೀರು ಹಾಕಿದ್ರ ಏನಾಗತಿತ್ತು?" ಅಂತ ಕೇಳಿದ.

ಇಷ್ಟು ಮಂದಿ ಮುಂದ ಹೆಂಗ ಹೇಳಲಿ ಅಂತ ಅಕಿ ಬಾಗಲ ಕಡೆ ನೋಡಿದಳು. ಆದ್ರೂ ಹೇಳಿದಳು. ನೀರು ಎಣ್ಣಿ ತಳಕ್ಕ ಹೋಗಿ, ಉಗಿ ಆಗಿ ಸಿಡದು, ಎಣ್ಣಿನ್ನ ಎತ್ತಿ ಎದುರಿಗೆ ನಿಂತವನ ಮ್ಯಾಲೆ ಒಗೀತಿತ್ತು ಅಂದಳು. ಒಂದು ಕೊಡ ಹಾಕಿದ್ರ ಒಂದು ಕೊಡದಷ್ಟು, ಹಂಡೆ ಹಾಕಿದ್ರ ಹಂಡೆಯಷ್ಟು.

ಹೊಳಬಸಪ್ಪ ಉರುಳಿ ಬಿದ್ದ ಕೊಡ ಹತ್ತರ ಎಳಕೊಂಡ.

"ಇದು ನಿನಗ ಯಾವಾಗಿನಿಂದ ಗೊತ್ತು?"

"ಮೂರು ವರ್ಷ ಆತು, ಯಪ್ಪಾ."

"ಹೇಳಿದ್ರ ನಾ ಸಾಯ್ತೇನಿ ಅಂತ ತಿಳಕೊಂಡಿದ್ದೇನು?"

ಅಕಿ ಅಪ್ಪನ ಬಾಜೂಕ ಕೂತು ಹಿಟ್ಟಿನ ಕೈಲೆ ಅವನ ಕೈ ಹಿಡದಳು. ಅಪ್ಪ ಕೈ ಬಿಡಿಸಿಕೊಂಡು, ನೆಲಕ್ಕ ಕೈ ಊರಿ ಎದ್ದ. ಬೀಗರು ಬಾಗಲಾಗ ನಿಂತಿದ್ರು, ಒಲಿ ಮಂದಿ ಸುತ್ತ ನಿಂತಿತ್ತು. ಇಷ್ಟು ವರ್ಷ ಒಲಿ ಮುಂದ ಕೂತು ಅದ ಒಂದು ಕಥಿ ಹೇಳಿದವ ಅವರ ಕಡೆ ತಿರುಗಿದ.

"ಕೇಳ್ರಿ ಎಲ್ಲಾರೂ," ಅಂದ. "ಎಣ್ಣಿ ಒಲಿ ಬಾಜೂಕ ಇನ್ನ ಮ್ಯಾಲೆ ನೀರು ಇಡಬ್ಯಾಡ್ರಿ. ನನ್ನ ತಮ್ಮ ಬೆಂಕಿಗೆ ಸತ್ತಿಲ್ಲ. ನನ್ನ ನೀರಿಗೆ ಸತ್ತಾನ."

ಅಂವ ಮತ್ತ ಕಟ್ಟಿ ಮ್ಯಾಲೆ ಹೋಗಿ ಕೂತು, ತಲಿಗೆ ಸುತ್ತಿದ ರುಂಬಾಲು ಬಿಚ್ಚಿ ಮಾರಿ ಮುಚ್ಚಿಕೊಂಡು, ಇಪ್ಪತ್ತು ವರ್ಷದಾಗ ಒಮ್ಮೆನೂ ಅಳದವ ತಮ್ಮನ ಹೆಸರು ತಗೊಂಡು ಅತ್ತ. ಚಂದವ್ವ ಅವನ ಹತ್ತರ ಹೋಗಲಿಲ್ಲ, ಅಳಲಿ ಅಂತ ಬಿಟ್ಟಳು. ಸೆರಗಿನಿಂದ ಕಣ್ಣು ಒರಸಿಕೊಂಡು, ಬೀಗರು ಹಸದಾರ, ಹೊಸಾ ಒಲಿ ಹೂಡ್ರಿ ಅಂತ ಮಾಯವ್ವನ್ನ ಕರದಳು.