ಮುರಗೋಡದಿಂದ ಬಂದ ಐದು ಸಾಕ್ಷಿಗಳು

ಓದಿಕೊಂಡವರ ಮುಂದೆ ಇದನ್ನು ಹೇಳಲು ಅಳುಕು; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೈಲಹೊಂಗಲದ ಮಡಿವಾಳೆಪ್ಪ ಮಾಸ್ತರರು ಮ್ಯಾಟ್ರಿಕ್ ಪರೀಕ್ಷೆಯ ಇಂಗ್ಲಿಷ್ ನಿಯಮಗಳನ್ನು ಪಾಲಕರಿಗೆಂದು ಕನ್ನಡಕ್ಕೆ ತಂದಿದ್ದರು. ತಕರಾರಿದ್ದರೆ ಹೆಡ್‌ಮಾಸ್ತರರ ಮೂಲಕ ಅರ್ಜಿ ಕೊಡಬೇಕು, ಅಂಕಗಳ ಕೂಡಿಕೆಯನ್ನಷ್ಟೇ ಮತ್ತೆ ನೋಡುತ್ತಾರೆ, ಪರೀಕ್ಷೆಗೆ ಕೂತವನೇ ಸಹಿ ಮಾಡಬೇಕು ಎಂದು ಬರೆದು, ಸರಿಯಾಯಿತೋ ಇಲ್ಲವೋ ಎಂದು ನಿದ್ದೆಗೆಟ್ಟಿದ್ದರು.

ಅರ್ಜಿಯ ಕಡೆಯ ದಿನಕ್ಕೆ ಮುನ್ನಾದಿನ ಮುಂಜಾನೆ, ಗಣಿತದಲ್ಲಿ ನಪಾಸಾದ ಹುಡುಗನ ತಂದೆ ನಿಜಗುಣಪ್ಪ ಆ ನಿಯಮ ಓದಿ ಮುರಗೋಡದಿಂದ ಚಕ್ಕಡಿ ಹೊಡೆದುಕೊಂಡು ಬಂದ. ಚಕ್ಕಡಿ ತುಂಬ ಐವರು ಹಿರಿಯರು.

“ತಕರಾರು ಅಂದ್ರ ಸಾಕ್ಷಿ ಬೇಕಲ್ರೀ ಮಾಸ್ತರ? ಹುಡುಗ ಓದಿದ್ದನ್ನ ಇವರೆಲ್ಲಾ ಕಣ್ಣಾರೆ ನೋಡ್ಯಾರ.”

“ಪೇಪರ್ ನೋಡಿದವರನ್ನೂ ಕರಸ್ರಿ,” ಎಂದರು ಹಿರಿಯ ರಾಚಪ್ಪ. “ಎರಡೂ ಕಡೆ ಕೇಳದ ನ್ಯಾಯ ಹ್ಯಾಂಗ ಹೇಳೂದು?”

ಮಾಸ್ತರರಿಗೆ ಬೆವರು, ನಗು ಎರಡೂ ಬಂದವು. “ಹುಡುಗ ಎಲ್ಲಿರೀ? ಸಹಿ ಅವಂದ ಬೇಕು.”

“ದೊಡ್ಡವರು ಕುಂತಲ್ಲಿ ಸಣ್ಣಾಂವ ಯಾಕ ಅಂತ ಮನ್ಯಾಗ ಬಿಟ್ಟೇವ್ರಿ. ಚಕ್ಕಡ್ಯಾಗ ಜಾಗಾನೂ ಇರಲಿಲ್ಲ.”

ಮಾಸ್ತರರು ಅಲ್ಲೇ ಅರ್ಜಿ ಬರೆದು, ಅದನ್ನು ಎದೆಗವಚಿಕೊಂಡು, ಹುಡುಗನ ಸಹಿಗೆಂದು ತಾವೇ ಮುರಗೋಡಕ್ಕೆ ಚಕ್ಕಡಿ ಹತ್ತಿದರು. ಎತ್ತುಗಳು ಓಡಿದವು, ಹಿರಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ರಾಚಪ್ಪನ ರುಮಾಲು ದಾರಿಯಲ್ಲೇ ಹಾರಿತು. ಮರುದಿನ ಸಹಿಯಾದ ಅರ್ಜಿ ಹೆಡ್‌ಮಾಸ್ತರರ ಕೈ ಸೇರಿತು.

ಕೂಡಿಕೆಯಲ್ಲಿ ತಪ್ಪು ಸಿಕ್ಕಿತೋ ಇಲ್ಲವೋ, ನನಗೆ ತಿಳಿಯದು.